ಚೆಂಡುಹೂವು ಮಂಕಾದದ್ದೇಕೆ?

ಆಯುಧಪೂಜೆಯ ಬೆಳಿಗ್ಗೆ ಲಾರಿಯ ಮುಂಭಾಗಕ್ಕೆ ಕಟ್ಟಿದ ಚೆಂಡುಹೂವಿನ ಹಾರ, ಅದರ ಹಿಂದೆ ತಿಳಿನೀಲಿ ಆಕಾಶ. ಇಂಥದೊಂದು ಬಣ್ಣದ ಫೋಟೊ ನಿಮ್ಮ ಮುಂದಿದೆ ಎಂದುಕೊಳ್ಳಿ. ನೋಡಿದವರ ಕಣ್ಣು ಮೊದಲು ಹೋಗುವುದು ಹೂವಿನ ಮೇಲೆ. ಆ ಹಳದಿಯಲ್ಲಿ ಬೆಳಕು ತುಂಬಿಕೊಂಡಿದೆ, ಆಕಾಶ ಅದರ ಹಿಂದೆ ಸ್ವಲ್ಪ ತಣ್ಣಗೆ ನಿಂತಿದೆ. ಈಗ ಇದೇ ಫೋಟೊ ಸ್ಮರಣ ಸಂಚಿಕೆಯೊಂದರ ಒಳಪುಟದಲ್ಲಿ ಕಪ್ಪು-ಬಿಳುಪಾಗಿ ಅಚ್ಚಾಗಬೇಕು. ಯಾರೋ ಕಂಪ್ಯೂಟರಿನಲ್ಲಿ ಬಣ್ಣ ತೆಗೆದು ಕಳಿಸುತ್ತಾರೆ. ಪುಟ ಬಂದಾಗ ನೋಡಿದರೆ ಆಕಾಶ ಬೆಳ್ಳಗಿದೆ, ಹೂವು ಮಾತ್ರ ಬಾಡಿ ಮೂರು ದಿನವಾದಂತೆ ಮಂಕಾಗಿದೆ. ಕ್ಯಾಮೆರಾದ ತಪ್ಪಲ್ಲ, ಅಚ್ಚಿನವರ ತಪ್ಪೂ ಅಲ್ಲ. ಬಣ್ಣ ತೆಗೆಯುವಾಗ ಮಾಡಿದ ಲೆಕ್ಕ ತಪ್ಪಿದೆ.

ಆ ಲೆಕ್ಕ ಯಾವುದೆಂದು ನೋಡೋಣ. ಡಿಜಿಟಲ್ ಫೋಟೊದ ಪ್ರತಿ ಚುಕ್ಕಿಗೂ, ಅಂದರೆ ಪಿಕ್ಸೆಲ್‌ಗೂ, ಮೂರು ಅಂಕಿಗಳಿರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಅವು ಹೇಳುತ್ತವೆ. ಪ್ರತಿಯೊಂದೂ 0ಯಿಂದ 255ರೊಳಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ, ಮೂರೂ ಸಮನಾಗಿದ್ದರೆ ನಡುವಿನ ಯಾವುದೋ ಒಂದು ಬೂದು. ಕಪ್ಪು-ಬಿಳುಪು ಫೋಟೊದಲ್ಲಿ ಒಂದು ಚುಕ್ಕಿಗೆ ಒಂದೇ ಅಂಕಿ ಸಾಕು. ಹಾಗಾಗಿ ಮೂರನ್ನು ಒಂದು ಮಾಡಬೇಕು. ಶಾಲೆಯಲ್ಲಿ ಗಣಿತ ಕಲಿತ ಯಾರಿಗಾದರೂ ಮೊದಲು ಹೊಳೆಯುವುದು ಸರಾಸರಿ:

```
(R + G + B) / 3
```

ನಮ್ಮ ಚೆಂಡುಹೂವಿನ ಒಂದು ಚುಕ್ಕಿಯಲ್ಲಿ ಕೆಂಪು 255, ಹಸಿರು 190, ನೀಲಿ 0 ಇದೆ ಎಂದಿಟ್ಟುಕೊಳ್ಳೋಣ. ಕೂಡಿಸಿದರೆ 445, ಮೂರರಿಂದ ಭಾಗಿಸಿದರೆ 148. ಆಕಾಶದ ಚುಕ್ಕಿಯಲ್ಲಿ ಕೆಂಪು 135, ಹಸಿರು 180, ನೀಲಿ 235. ಮೊತ್ತ 550, ಸರಾಸರಿ 183. ಹೂವು 148, ಆಕಾಶ 183. ಅಂದರೆ ಕಣ್ಣಿಗೆ ಹೆಚ್ಚು ಬೆಳ್ಳಗೆ ಕಂಡದ್ದು ಕಾಗದದ ಮೇಲೆ ಹೆಚ್ಚು ಕಪ್ಪಾಗಿ ಬಂತು. ಬೂದು ತುಸು ಹೆಚ್ಚುಕಡಿಮೆ ಆಗಿದ್ದರೆ ಸಹಿಸಬಹುದಿತ್ತು. ಇಲ್ಲಿ ಮೇಲುಕೆಳಗೇ ಅದಲುಬದಲಾಗಿದೆ, ಆದ್ದರಿಂದಲೇ ಚಿತ್ರ ಸುಳ್ಳು ಎನಿಸುತ್ತದೆ.

ಸರಾಸರಿಯ ದೋಷ ಎಲ್ಲಿದೆ? ಅದು ಮೂರು ಬಣ್ಣಗಳನ್ನೂ ಸರಿಸಮ ಎಂದುಕೊಂಡಿದೆ. ನೂರರ ನೋಟು, ಐವತ್ತರ ನೋಟು, ಹತ್ತರ ನೋಟು ಮೂರನ್ನೂ ಬೆಲೆ ನೋಡದೆ ಬರೀ ಎಣಿಸಿ, ಕಿಸೆಯಲ್ಲಿ ಎಷ್ಟು ಹಣವಿದೆ ಎಂದು ಹೇಳಿದಂತೆ ಆ ಲೆಕ್ಕ. ಪರದೆಯ ಮೇಲೆ ಹಸಿರು, ಕೆಂಪು, ನೀಲಿ ದೀಪಗಳನ್ನು ಒಂದೊಂದಾಗಿ ಪೂರ್ತಿ ಉರಿಸಿ ನೋಡಿ. ಹಸಿರು ಕಣ್ಣು ಕುಕ್ಕುತ್ತದೆ, ಕೆಂಪು ಗಾಢವಾಗಿ ಕಾಣುತ್ತದೆ, ಶುದ್ಧ ನೀಲಿಯಂತೂ ಇರುಳಿಗೆ ಹತ್ತಿರ. ಕಪ್ಪು ಹಿನ್ನೆಲೆಯ ಮೇಲೆ ನೀಲಿ ಅಕ್ಷರಗಳನ್ನು ಓದಲು ಕಷ್ಟಪಟ್ಟವರಿಗೆಲ್ಲ ಇದು ಗೊತ್ತು. ಸರಾಸರಿಯಾದರೋ ಈ ಮೂರಕ್ಕೂ 85 ಎಂಬ ಒಂದೇ ಅಂಕಿ ಕೊಡುತ್ತದೆ.

ಕಣ್ಣು ಯಾವ ಬಣ್ಣಕ್ಕೆ ಎಷ್ಟು ಬೆಲೆ ಕೊಡುತ್ತದೆ ಎಂದು ಅಳೆಯುವುದು ಸುಲಭದ ಕೆಲಸವಾಗಿರಲಿಲ್ಲ. ಒಂದು ಕೆಂಪು ದೀಪ, ಒಂದು ಹಸಿರು ದೀಪ ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಬೆಳಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಏಕೆಂದರೆ ಬಣ್ಣದ ವ್ಯತ್ಯಾಸವೇ ತೀರ್ಮಾನಕ್ಕೆ ಅಡ್ಡ ಬರುತ್ತದೆ. ಅದಕ್ಕೆ ವಿಜ್ಞಾನಿಗಳು ಕಂಡುಕೊಂಡ ಒಂದು ಉಪಾಯ ಸೊಗಸಾಗಿದೆ. ಎರಡು ಬಣ್ಣದ ಬೆಳಕುಗಳನ್ನು ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಬೇಗಬೇಗ ತೋರಿಸುವುದು. ಒಂದು ವೇಗ ದಾಟಿದಾಗ ಕಣ್ಣಿಗೆ ಬಣ್ಣಗಳು ಬೇರೆಬೇರೆಯಾಗಿ ಕಾಣುವುದಿಲ್ಲ, ಬೆರೆತುಹೋಗುತ್ತವೆ. ಆದರೆ ಹೊಳಪಿನಲ್ಲಿ ವ್ಯತ್ಯಾಸವಿದ್ದರೆ ಮಿನುಗು ಉಳಿಯುತ್ತದೆ. ಒಂದು ದೀಪವನ್ನು ಹೆಚ್ಚುಕಡಿಮೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಮಿನುಗು ಅತಿ ಕಡಿಮೆಯಾಗುತ್ತದೆ. ಅಲ್ಲಿ ಎರಡರ ಹೊಳಪೂ ಸಮ ಎಂದು ಅರ್ಥ. ನೋಡುವವರು ಬಣ್ಣದ ಬಗ್ಗೆ ಏನೂ ಹೇಳಬೇಕಿಲ್ಲ, ಮಿನುಗು ನಿಂತಿತೇ ಎಂದಷ್ಟೇ ಹೇಳಿದರೆ ಸಾಕು.

ಇಂಥ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ 1924ರಲ್ಲಿ ಅಂತಾರಾಷ್ಟ್ರೀಯ ಬೆಳಕಿನ ಆಯೋಗವು ಒಂದು ರೇಖೆಯನ್ನು ಒಪ್ಪಿಕೊಂಡಿತು. ಯಾವ ಅಲೆಯುದ್ದದ ಬೆಳಕು ಹಗಲುಗಣ್ಣಿಗೆ ಎಷ್ಟು ಹೊಳಪಾಗಿ ಕಾಣುತ್ತದೆ ಎಂದು ಹೇಳುವ ರೇಖೆ ಅದು. ಗುಡ್ಡದಂತಿರುವ ಆ ರೇಖೆಯ ತುದಿ 555 ನ್ಯಾನೊಮೀಟರಿನಲ್ಲಿ, ಹಳದಿಗೆ ವಾಲಿದ ಹಸಿರಿನಲ್ಲಿದೆ. ಅಲ್ಲಿಂದ ಕೆಂಪಿನ ಕಡೆಗೂ ನೀಲಿಯ ಕಡೆಗೂ ಇಳಿಜಾರು. ಅಕ್ಷಿಪಟದಲ್ಲಿರುವ ಮೂರು ಬಗೆಯ ಶಂಕುಕೋಶಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅವುಗಳಲ್ಲಿ ಎರಡು ಬಗೆಯವು ಹಸಿರು ಮತ್ತು ಹಳದಿಯ ಆಸುಪಾಸಿನ ಬೆಳಕಿಗೇ ಚೆನ್ನಾಗಿ ಸ್ಪಂದಿಸುತ್ತವೆ, ಸಂಖ್ಯೆಯಲ್ಲೂ ಅವೇ ಬಹುಪಾಲು. ನೀಲಿಗೆ ಸ್ಪಂದಿಸುವ ಮೂರನೆಯ ಬಗೆ ಬಹಳ ವಿರಳ, ದೃಷ್ಟಿ ನೆಡುವ ಕೇಂದ್ರಬಿಂದುವಿನಲ್ಲಂತೂ ಇಲ್ಲವೇ ಇಲ್ಲ. ಹೊಳಪಿನ ಅರಿವನ್ನು ಮಿದುಳಿಗೆ ಮುಟ್ಟಿಸುವ ಕೆಲಸ ಬಹುಮಟ್ಟಿಗೆ ಮೊದಲ ಎರಡರದೇ. ನೀಲಿಯ ಕೋಶಗಳು ಬಣ್ಣ ತಿಳಿಸುತ್ತವೆ, ಹೊಳಪಿಗೆ ಹೆಚ್ಚೇನೂ ಸೇರಿಸುವುದಿಲ್ಲ.

ಈ ತಿಳಿವಳಿಕೆಯನ್ನು ಮನೆಮನೆಗೆ ತಂದದ್ದು ಟೆಲಿವಿಷನ್. ಅಮೆರಿಕದಲ್ಲಿ 1950ರಲ್ಲಿ ಸಿಬಿಎಸ್ ಸಂಸ್ಥೆಯ ಬಣ್ಣದ ಪ್ರಸಾರ ಪದ್ಧತಿಗೆ ಸರಕಾರದ ಒಪ್ಪಿಗೆ ಸಿಕ್ಕಿತ್ತು. ಆದರೆ ಜನರ ಮನೆಯಲ್ಲಿ ಆಗಲೇ ಇದ್ದ ಕಪ್ಪು-ಬಿಳುಪು ಸೆಟ್ಟುಗಳಲ್ಲಿ ಅದು ಬರುತ್ತಿರಲಿಲ್ಲ, ಹಾಗಾಗಿ ನಿಲ್ಲಲಿಲ್ಲ. 1953ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಎನ್‌ಟಿಎಸ್‌ಸಿ ಪದ್ಧತಿ ಬೇರೆ ದಾರಿ ಹಿಡಿಯಿತು. ಕ್ಯಾಮೆರಾದಿಂದ ಬಂದ ಕೆಂಪು, ಹಸಿರು, ನೀಲಿ ಸಂಕೇತಗಳನ್ನು ಹಾಗೆಯೇ ಕಳಿಸದೆ, ಮೊದಲು ಮೂರನ್ನೂ ಸೇರಿಸಿ ಹೊಳಪಿನ ಒಂದು ಸಂಕೇತ ಮಾಡುವುದು, ಬಣ್ಣದ ವಿವರವನ್ನು ಬೇರೆಯಾಗಿ ಅದರ ಜೊತೆಗಿಡುವುದು. ಹಳೆಯ ಸೆಟ್ಟು ಹೊಳಪಿನ ಸಂಕೇತವನ್ನಷ್ಟೇ ತೆಗೆದುಕೊಂಡು ಚಿತ್ರ ತೋರಿಸುತ್ತದೆ, ಹೊಸದು ಎರಡನ್ನೂ ಬಳಸುತ್ತದೆ. ಆ ಹೊಳಪಿನ ಸಂಕೇತಕ್ಕೆ ಬಳಸಿದ ಸೂತ್ರ ಇದು:

```
Y = 0.299 R + 0.587 G + 0.114 B
```

ನಮ್ಮ ನಾಡಿನಲ್ಲಿ ದೂರದರ್ಶನ 1982ರ ಆಗಸ್ಟ್ 15ರಂದು ಬಣ್ಣದ ಪ್ರಸಾರ ಶುರುಮಾಡಿತು. ಭಾರತ ಆರಿಸಿಕೊಂಡದ್ದು ಪಾಲ್ ಪದ್ಧತಿ, ಆದರೆ ಹೊಳಪಿನ ಸೂತ್ರ ಅಲ್ಲಿಯೂ ಇದೇ. ಆ ನಂತರವೂ ಎಷ್ಟೋ ವರ್ಷ ನಮ್ಮಲ್ಲಿ ಬಹಳ ಮನೆಗಳಲ್ಲಿ ಇದ್ದದ್ದು ಕಪ್ಪು-ಬಿಳುಪು ಸೆಟ್ಟೇ. ಬಣ್ಣದಲ್ಲಿ ಬಂದ ಕ್ರಿಕೆಟ್ ಪಂದ್ಯ, ಭಾನುವಾರದ ಸಿನಿಮಾ, ‘ರಾಮಾಯಣ’ ಧಾರಾವಾಹಿ ಎಲ್ಲವನ್ನೂ ಆ ಮನೆಗಳವರು ನೋಡಿದ್ದು ಈ ಮೂರು ಅಂಕಿಗಳ ಮೂಲಕ. ಯಾರ ಮುಖವೂ ವಿಚಿತ್ರವಾಗಿ ಕಾಣಲಿಲ್ಲ, ಹುಲ್ಲು ಆಕಾಶಗಳು ಅದಲುಬದಲಾಗಲಿಲ್ಲ. ಸೂತ್ರ ಸರಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ.

ಅಂಕಿಗಳನ್ನು ಗಮನಿಸಿ. ಮೂರನ್ನೂ ಕೂಡಿಸಿದರೆ ಸರಿಯಾಗಿ 1. ಹಾಗಿರಲೇಬೇಕು, ಇಲ್ಲದಿದ್ದರೆ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ, ಮೊದಲೇ ಬೂದಾಗಿದ್ದ ಗೋಡೆಯೂ ಬೇರೆ ಬೂದಾಗಿಬಿಡುತ್ತದೆ. ಹಸಿರಿಗೆ ಅರ್ಧಕ್ಕಿಂತ ಹೆಚ್ಚು ತೂಕ, ನೀಲಿಗೆ ಒಂಬತ್ತನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ನಮ್ಮ ಚೆಂಡುಹೂವನ್ನು ಇದರಲ್ಲಿ ಹಾಕಿ ನೋಡಿ. ಕೆಂಪಿನಿಂದ 76, ಹಸಿರಿನಿಂದ 112, ನೀಲಿಯಿಂದ ಏನೂ ಇಲ್ಲ. ಒಟ್ಟು 188. ಆಕಾಶಕ್ಕೆ ಕೆಂಪಿನಿಂದ 40, ಹಸಿರಿನಿಂದ 106, ನೀಲಿಯಿಂದ 27, ಒಟ್ಟು 173. ಹೂವು ಮತ್ತೆ ಆಕಾಶಕ್ಕಿಂತ ಮುಂದೆ ಬಂತು. ಆಕಾಶದ 235ರಷ್ಟು ನೀಲಿ ಬರೀ 27ಕ್ಕೆ ಇಳಿದದ್ದೇ ಇಲ್ಲಿ ನಡೆದ ತಿದ್ದುಪಡಿ.

ಹುಡುಕಿಕೊಂಡು ಹೋದರೆ ಇನ್ನೊಂದು ಜೊತೆ ಅಂಕಿಗಳೂ ಸಿಗುತ್ತವೆ. 0.2126, 0.7152, 0.0722. ಮೊದಲ ಬಾರಿ ಎರಡನ್ನೂ ಕಂಡವರಿಗೆ ಗೊಂದಲವಾಗುತ್ತದೆ. ಕಣ್ಣು ಒಂದೇ ಆಗಿರುವಾಗ ತೂಕ ಎರಡು ಬಗೆ ಹೇಗೆ? ಉತ್ತರ ಕಣ್ಣಿನಲ್ಲಿಲ್ಲ, ಪರದೆಯಲ್ಲಿದೆ. ‘ಕೆಂಪು 255’ ಎಂದರೆ ಜಗತ್ತಿನ ಎಲ್ಲ ಪರದೆಗಳಲ್ಲೂ ಒಂದೇ ಕೆಂಪಲ್ಲ. 1953ರಲ್ಲಿ ಲೆಕ್ಕಕ್ಕೆ ಹಿಡಿದದ್ದು ಅಂದಿನ ಟಿವಿ ಗಾಜಿಗೆ ಬಳಿಯುತ್ತಿದ್ದ ರಂಜಕ ಪುಡಿಗಳ ಕೆಂಪು, ಹಸಿರು, ನೀಲಿ. ಆಮೇಲೆ ಆ ಪುಡಿಗಳು ಬದಲಾದವು. 1990ರಲ್ಲಿ ಹೈ ಡೆಫಿನಿಷನ್ ಟಿವಿಗಾಗಿ ಬಂದ ರೆಕ್ 709 ಎಂಬ ಮಾನದಂಡ ಹೊಸ ಮೂಲಬಣ್ಣಗಳನ್ನು ಗೊತ್ತುಮಾಡಿತು. ಇಂದಿನ ಕಂಪ್ಯೂಟರ್, ಫೋನ್, ಸಾಮಾನ್ಯ ಡಿಜಿಟಲ್ ಫೋಟೊಗಳು ಅನುಸರಿಸುವ ಎಸ್‌ಆರ್‌ಜಿಬಿ ಪದ್ಧತಿಯೂ ಅವೇ ಮೂಲಬಣ್ಣಗಳನ್ನು ಇಟ್ಟುಕೊಂಡಿದೆ. ಆ ಬಣ್ಣಗಳನ್ನು ಕಣ್ಣಿನ ರೇಖೆಯ ಮೇಲಿಟ್ಟು ಲೆಕ್ಕ ಹಾಕಿದರೆ ಬರುವುದು ಎರಡನೆಯ ಜೊತೆ. ಹಳೆಯದು ಮಾಯವಾಗಲಿಲ್ಲ, ರೆಕ್ 601 ಎಂಬ ಹೆಸರಿನಲ್ಲಿ ಡಿಜಿಟಲ್ ವಿಡಿಯೊದೊಳಗೂ ಜೆಪೆಗ್ ಚಿತ್ರಗಳೊಳಗೂ ಉಳಿದುಕೊಂಡಿದೆ. ನಿಮ್ಮ ಫೋನಿನ ಪ್ರತಿ ಜೆಪೆಗ್ ಫೋಟೊ ತನ್ನ ಹೊಳಪನ್ನು ಈಗಲೂ 1953ರ ತೂಕಗಳಿಂದಲೇ ಕಟ್ಟಿಕೊಂಡಿರುತ್ತದೆ.

ಹಾಗಾದರೆ ಹೊಸ ತೂಕ ಹಾಕಿಬಿಟ್ಟರೆ ಕೆಲಸ ಮುಗಿಯಿತೇ? ಇಲ್ಲ. ಸರಾಸರಿಯನ್ನು ಬಿಟ್ಟವರಲ್ಲೂ ಬಹಳ ಜನ ಎಡವುವ ಜಾಗ ಇಲ್ಲಿದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಫೋಟೊ ಫೈಲಿನೊಳಗಿರುವ ಅಂಕಿ ಬೆಳಕಿನ ನೇರ ಅಳತೆಯಲ್ಲ. 128 ಎಂಬುದು 255ರ ಅರ್ಧ, ಆದರೆ 128ರ ಬೂದು ಬಿಳಿಯ ಅರ್ಧದಷ್ಟು ಬೆಳಕು ಕೊಡುವುದಿಲ್ಲ. ಅದು ಕೊಡುವುದು ಶೇಕಡ 22ಕ್ಕಿಂತ ತುಸು ಕಡಿಮೆ. ಅರ್ಧ ಬೆಳಕು ಬೇಕಾದರೆ ಅಂಕಿ 188 ಇರಬೇಕು. ಇದನ್ನು ಕಣ್ಣಾರೆ ನೋಡಬಹುದು. ಒಂದು ಸಾಲು ಕಪ್ಪು, ಒಂದು ಸಾಲು ಬಿಳಿ ಎಂದು ಒಂದೊಂದೇ ಪಿಕ್ಸೆಲ್ ದಪ್ಪದ ಗೆರೆಗಳ ಚೌಕವೊಂದನ್ನು ಮಾಡಿ, ಹಿಗ್ಗಿಸದೆ ಕುಗ್ಗಿಸದೆ ಪರದೆಯ ಮೇಲಿಡಿ. ದೂರದಿಂದ ನೋಡಿದರೆ ಗೆರೆಗಳು ಬೆರೆತು ಬೂದಾಗಿ ಕಾಣುತ್ತವೆ. ಅದು ಸರಿಯಾಗಿ ಅರ್ಧ ಬೆಳಕು. ಪಕ್ಕದಲ್ಲಿ 128ರ ಬೂದು ಚೌಕ, 188ರ ಬೂದು ಚೌಕ ಇಡಿ. ಗೆರೆಗಳ ಚೌಕಕ್ಕೆ ಹೊಂದುವುದು 188ರದ್ದೇ. ಹೀಗೆ ಮಡಚಿಡಲು ಕಾರಣವಿದೆ. ಕತ್ತಲಿನ ಭಾಗದಲ್ಲಿ ಕಣ್ಣು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ, ಬೆಳಕಿನ ಭಾಗದಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ಇರುವ 256 ಮೆಟ್ಟಿಲುಗಳಲ್ಲಿ ಹೆಚ್ಚಿನವನ್ನು ಕತ್ತಲಿಗೆ ಕೊಟ್ಟರೆ ಚಿತ್ರ ನಯವಾಗಿ ಬರುತ್ತದೆ. ಈ ಮಡಿಕೆಗೆ ಕೆಲಸಗಾರರ ಬಾಯಲ್ಲಿ ಗಾಮಾ ಎಂದು ಹೆಸರು.

ಕಣ್ಣಿನ ತೂಕಗಳು ನಿಜವಾದ ಬೆಳಕಿಗೆ ಸಲ್ಲತಕ್ಕವು, ಮಡಚಿಟ್ಟ ಅಂಕಿಗಳಿಗಲ್ಲ. ಆದ್ದರಿಂದ ಕರಾರುವಾಕ್ಕಾದ ದಾರಿ ಹೀಗೆ: ಮೊದಲು ಮೂರು ಅಂಕಿಗಳ ಮಡಿಕೆ ಬಿಚ್ಚಿ ಬೆಳಕಾಗಿ ಮಾಡಬೇಕು, ಆ ಬೆಳಕುಗಳಿಗೆ ತೂಕ ಹಾಕಿ ಕೂಡಿಸಬೇಕು, ಬಂದ ಮೊತ್ತವನ್ನು ಮತ್ತೆ ಮಡಚಿ ಅಂಕಿ ಮಾಡಬೇಕು. ಟಿವಿಯ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಆದರೆ 1950ರ ದಶಕದಲ್ಲಿ ಪ್ರತಿ ಮನೆಯ ಸೆಟ್ಟಿನೊಳಗೆ ಅಷ್ಟು ಲೆಕ್ಕ ಮಾಡುವ ಸರ್ಕೀಟು ಇಡುವುದು ದುಬಾರಿ. ಹಾಗಾಗಿ ಮಡಚಿದ ಸಂಕೇತಗಳಿಗೇ ತೂಕ ಹಾಕಿ ಸಮಾಧಾನ ಪಟ್ಟುಕೊಂಡರು. ಹೀಗೆ ಬಂದ ಅಂದಾಜು ಹೊಳಪಿಗೆ ಲೂಮಾ ಎನ್ನುತ್ತಾರೆ, ಬೆಳಕಿನಿಂದ ನೇರ ಲೆಕ್ಕ ಹಾಕಿದ್ದಕ್ಕೆ ಲೂಮಿನನ್ಸ್. ಎರಡರ ಹೆಸರೂ ಹತ್ತಿರ, ಉತ್ತರ ಮಾತ್ರ ಬೇರೆ.

ಎಷ್ಟು ಬೇರೆ ಎಂದು ತಿಳಿಯಲು ಇನ್ನೊಂದು ಫೋಟೊ ತೆಗೆದುಕೊಳ್ಳೋಣ. ಇದು ಸರಾಸರಿಯ ಬಲಹೀನತೆ ಪೂರಾ ಬಯಲಾಗಲಿ ಎಂದೇ ಆರಿಸಿಕೊಂಡದ್ದು. ನೀಲಿ ಸೀರೆ ಉಟ್ಟವರು ಕೈಯಲ್ಲಿ ಎಲೆಸಮೇತ ಕೆಂಪು ದಾಸವಾಳ ಹಿಡಿದಿದ್ದಾರೆ. ಹೂವಿನ ಚುಕ್ಕಿಯಲ್ಲಿ ಕೆಂಪು 210, ಹಸಿರು 40, ನೀಲಿ 50. ಎಲೆಯಲ್ಲಿ 70, 160, 70. ಸೀರೆಯಲ್ಲಿ 50, 80, 170. ಮೂರರ ಮೊತ್ತವೂ 300, ಮೂರರ ಸರಾಸರಿಯೂ 100. ಅಂದರೆ ಸರಾಸರಿಯಿಂದ ಮಾಡಿದ ಕಪ್ಪು-ಬಿಳುಪಿನಲ್ಲಿ ಹೂವಿಲ್ಲ, ಎಲೆಯಿಲ್ಲ, ಸೀರೆಯಿಲ್ಲ. ಒಂದೇ ಬೂದಿನ ಹರವು, ಅಲ್ಲಲ್ಲಿ ನೆರಳಿನ ಗೆರೆ.

ಟಿವಿಯ ತೂಕ ಹಾಕಿದರೆ ಹೂವು 92, ಎಲೆ 123, ಸೀರೆ 81. ಮೂರೂ ಬೇರೆಯಾದವು, ಎಲೆ ಎದ್ದು ಬಂತು. ಈಗ ಮಡಿಕೆ ಬಿಚ್ಚಿ ನೋಡೋಣ. ಬಿಳಿಯ ಬೆಳಕನ್ನು ನೂರು ಎಂದುಕೊಂಡರೆ ಸೀರೆಯ ಹೊಳಪು 9, ಹೂವಿನದು 15, ಎಲೆಯದು 27. ಎಲೆ ಸೀರೆಗಿಂತ ಮೂರು ಪಟ್ಟು ಹೊಳಪಿನದು! ಇದನ್ನು ಮತ್ತೆ ಅಂಕಿಯಾಗಿ ಮಡಚಿದರೆ ಸೀರೆ 86, ಹೂವು ಸುಮಾರು 110, ಎಲೆ 142. ಲೂಮಾ ಕೊಟ್ಟ ಅಂಕಿಗಳಿಗಿಂತ ಮೂರೂ ಮೇಲೆ ಹೋದವು, ಹೂವು ಮತ್ತು ಸೀರೆಯ ನಡುವಿನ ಅಂತರ 11ರಿಂದ 24ಕ್ಕೆ ಏರಿತು. ಅಚ್ಚಿನಲ್ಲಿ 11ರ ಅಂತರ ಕಾಗದ ಹೀರಿಕೊಂಡು ಮರೆಯಾಗಬಹುದು, 24ರದು ಉಳಿಯುತ್ತದೆ.

ಇದರಿಂದ ಲೂಮಾದ ಗುಣವೊಂದು ಗೊತ್ತಾಗುತ್ತದೆ. ಬಣ್ಣ ಗಾಢವಾದಷ್ಟೂ ಅದು ನಿಜಕ್ಕಿಂತ ಕಪ್ಪಾಗಿ ತೋರಿಸುತ್ತದೆ. ಶುದ್ಧ ಕೆಂಪಿಗೆ ಹಳೆಯ ಟಿವಿ ಸೂತ್ರ ಕೊಡುವುದು 76, ಸರಿಯಾದ ಲೆಕ್ಕ ಕೊಡುವುದು 127. ಹೊಸ ತೂಕಗಳನ್ನು ಮಡಿಕೆ ಬಿಚ್ಚದೆ ಹಾಕಿದರೆ ಇನ್ನೂ ಕೆಡುಕು, ಕೆಂಪು 54ಕ್ಕೆ ಬಿದ್ದು ಕುಂಕುಮ ಕಾಡಿಗೆಯಂತಾಗುತ್ತದೆ. ಮಡಿಕೆ ಬಿಚ್ಚುವ ತೊಂದರೆ ಬೇಡ ಎನ್ನುವವರಿಗೆ ಹಳೆಯ 0.299ರ ಜೊತೆಯೇ ವಾಸಿ ಎಂದು ನನ್ನ ಅಭಿಪ್ರಾಯ. ಬಣ್ಣ ತೆಳುವಾಗಿರುವ ಕಡೆ ಈ ವ್ಯತ್ಯಾಸಗಳೆಲ್ಲ ಕುಗ್ಗುತ್ತವೆ. 200, 150, 120 ಎಂಬಂಥ ಮೈಬಣ್ಣಕ್ಕೆ ಸರಾಸರಿ 157, ಟಿವಿ ಸೂತ್ರ 162. ಮದುವೆಮನೆಯ ಗುಂಪು ಫೋಟೊದಲ್ಲಿ ಮುಖಗಳಷ್ಟನ್ನೇ ನೋಡಿದವರಿಗೆ ಸರಾಸರಿಯಲ್ಲಿ ಏನೂ ತಪ್ಪು ಕಾಣದಿರಲು ಕಾರಣ ಇದು. ಸೀರೆಗಳನ್ನು, ಹೂಮಾಲೆಗಳನ್ನು ನೋಡಿದರೆ ಕಾಣುತ್ತದೆ.

ನೀವು ಬಳಸುವ ತಂತ್ರಾಂಶ ಒಳಗೊಳಗೆ ಯಾವ ಲೆಕ್ಕ ಮಾಡುತ್ತಿದೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಶುದ್ಧ ಕೆಂಪು, ಶುದ್ಧ ಹಸಿರು, ಶುದ್ಧ ನೀಲಿಯ ಮೂರು ದೊಡ್ಡ ಚೌಕಗಳಿರುವ ಒಂದು ಚಿತ್ರ ಮಾಡಿ, ಪಿಎನ್‌ಜಿಯಾಗಿ ಉಳಿಸಿ. ಅದನ್ನು ಕಪ್ಪು-ಬಿಳುಪು ಮಾಡಿಸಿ, ಬಣ್ಣ ಹೀರುವ ಸಾಧನದಿಂದ ಒಂದೊಂದು ಚೌಕದ ಅಂಕಿ ನೋಡಿ. ಮೂರೂ 85 ಆಗಿದ್ದರೆ ಅದು ಸರಾಸರಿ. ಮೂರೂ 127 ಅಥವಾ 128 ಆಗಿದ್ದರೆ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಯ ನಡುವನ್ನು ಹಿಡಿಯುವ ಇನ್ನೊಂದು ಅಡ್ಡದಾರಿ, ಅದೂ ಸರಾಸರಿಯಷ್ಟೇ ಕುರುಡು. 76, 150, 29 ಬಂದರೆ ಹಳೆಯ ಟಿವಿ ಸೂತ್ರ. 54, 182, 18 ಬಂದರೆ ಹೊಸ ತೂಕಗಳನ್ನು ಮಡಿಕೆ ಬಿಚ್ಚದೆ ಹಾಕಿದ್ದಾರೆ. 127, 220, 76 ಬಂದರೆ ಪೂರ್ತಿ ಲೆಕ್ಕ ಸರಿಯಾಗಿ ನಡೆದಿದೆ. ಒಂದಂಕಿ ಆಚೀಚೆ ಇದ್ದರೆ ಚಿಂತೆಯಿಲ್ಲ. ಪ್ರೋಗ್ರಾಂ ಬರೆಯುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಕೆಂಪಿಗೆ 29, ನೀಲಿಗೆ 76 ಬಂದರೆ ಎರಡು ಬಣ್ಣಗಳ ಜಾಗ ಅದಲುಬದಲಾಗಿದೆ ಎಂದರ್ಥ. OpenCV ಎಂಬ ಚಿತ್ರಸಂಸ್ಕರಣೆಯ ಉಪಕರಣ ಫೈಲನ್ನು ಓದುವಾಗ ನೀಲಿಯನ್ನು ಮೊದಲಿಡುತ್ತದೆ, ಅದನ್ನು ಮರೆತವರಿಗೆ ಈ ಫಲ ಸಿಗುತ್ತದೆ. ಆಗ ದಾಸವಾಳ ಕಪ್ಪಾಗಿ, ಆಕಾಶ ಮತ್ತೆ ಬೆಳ್ಳಗಾಗುತ್ತದೆ.

ಕೆಂಪು ಕಪ್ಪಾಗಿ, ನೀಲಿ ಬೆಳ್ಳಗಾಗಿ ಕಾಣುವುದು ಫಿಲ್ಮಿನ ಕಾಲದವರಿಗೆ ಹೊಸದಲ್ಲ. 1920ರ ದಶಕದವರೆಗೆ ಸಿನಿಮಾದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ ಕಪ್ಪಾಗುತ್ತಿತ್ತು, ನೀಲಿ ಆಕಾಶ ಮೋಡವೂ ಕಾಣದಂತೆ ಬಿಳಿಯಾಗುತ್ತಿತ್ತು, ನಟರು ಅದಕ್ಕೆ ತಕ್ಕಂತೆ ಬೇರೆಯೇ ಬಣ್ಣ ಬಳಿದುಕೊಳ್ಳಬೇಕಿತ್ತು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಂದ ಮೇಲೂ ಅದು ನೀಲಿಗೆ ಸ್ವಲ್ಪ ಹೆಚ್ಚೇ ಒಲಿಯುತ್ತಿದ್ದುದರಿಂದ ಛಾಯಾಗ್ರಾಹಕರು ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಹಾಕುತ್ತಿದ್ದರು. ಹಳದಿ ಗಾಜು ನೀಲಿಯನ್ನು ತಡೆಯುತ್ತದೆ. ಸೂತ್ರದಲ್ಲಿ ನೀಲಿಯ ತೂಕ ಇಳಿಸುವುದೂ ಗಾಜಿನಿಂದ ನೀಲಿಯನ್ನು ತಡೆಯುವುದೂ ಒಂದೇ ಕೆಲಸ.

ಸರಿಯಾದ ಲೆಕ್ಕಕ್ಕೂ ಮಿತಿಯಿದೆ. ಮೂರು ಅಂಕಿಗಳನ್ನು ಒಂದು ಮಾಡಿದ ಮೇಲೆ ಯಾವುದೋ ಎರಡು ಬಣ್ಣ ಒಂದೇ ಬೂದಾಗುವುದು ತಪ್ಪದು. ಸರಾಸರಿಯಲ್ಲಿ ದಾಸವಾಳ ಮತ್ತು ಎಲೆ ಬೆರೆತವು, ಹೊಳಪಿನ ಲೆಕ್ಕದಲ್ಲಿ ಬೇರೆ ಯಾವುವೋ ಬೆರೆಯುತ್ತವೆ. ಪ್ಯಾರಿಸಿನ ಮಾರ್ಮೊತ್ತಾಂ ಮೊನೆ ಸಂಗ್ರಹಾಲಯದಲ್ಲಿ ಕ್ಲೋಡ್ ಮೊನೆ 1872ರಲ್ಲಿ ಬರೆದ ಬಂದರಿನ ಮುಂಜಾವಿನ ಚಿತ್ರವಿದೆ, ಇಂಪ್ರೆಷನಿಸಂ ಎಂಬ ಪಂಥಕ್ಕೆ ಹೆಸರು ಬಂದದ್ದು ಅದರಿಂದಲೇ. ಬೂದುನೀಲಿ ಮಂಜಿನ ನಡುವೆ ಕಿತ್ತಳೆ ಸೂರ್ಯ ಉರಿಯುತ್ತಿರುತ್ತಾನೆ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ತೋರಿಸಿಕೊಟ್ಟಂತೆ ಆ ಸೂರ್ಯನ ಹೊಳಪು ಸುತ್ತಲಿನ ಮಂಜಿನ ಹೊಳಪಿಗೆ ಹೆಚ್ಚುಕಡಿಮೆ ಸಮ. ಹೊಳಪಿನ ಲೆಕ್ಕದಿಂದ ಕಪ್ಪು-ಬಿಳುಪು ಮಾಡಿದರೆ ಸೂರ್ಯ ಬಹುತೇಕ ಮಾಯ. ಇಲ್ಲಿ ಲೆಕ್ಕ ತಪ್ಪಿಲ್ಲ. ಮೊನೆ ಬಣ್ಣದಿಂದಲೇ ಸೂರ್ಯನನ್ನು ಮಾಡಿದ್ದ, ಹೊಳಪಿನಿಂದಲ್ಲ. ಇದಲ್ಲದೆ, ತುಂಬ ಗಾಢವಾದ ಕೆಂಪು ನೀಲಿಗಳು ತಮ್ಮ ಅಳತೆಯ ಹೊಳಪಿಗಿಂತ ಒಂದಿಷ್ಟು ಹೆಚ್ಚೇ ಹೊಳೆಯುವಂತೆ ಕಣ್ಣಿಗೆ ತೋರುತ್ತವೆ. ಮಿನುಗಿನ ಪ್ರಯೋಗ ಅದನ್ನು ಹಿಡಿಯುವುದಿಲ್ಲ, ಯಾವ ಮೂರು ಸ್ಥಿರ ತೂಕಗಳೂ ಅದನ್ನು ಪೂರ್ತಿ ತೋರಿಸಲಾರವು.

ಇಂಥ ಸಂದರ್ಭದಲ್ಲಿ ಕೈಯಾರೆ ತೂಕ ಬದಲಿಸುವುದರಲ್ಲಿ ತಪ್ಪೇನಿಲ್ಲ. ಫಿಲ್ಮಿನ ಕಾಲದ ಛಾಯಾಗ್ರಾಹಕರು ಕೆಂಪು ಫಿಲ್ಟರ್ ಹಾಕಿ ಆಕಾಶವನ್ನು ಕಪ್ಪಾಗಿಸಿ ಮೋಡಗಳನ್ನು ಎಬ್ಬಿಸುತ್ತಿದ್ದರು, ಇಂದು ಅದನ್ನೇ ಚಾನೆಲ್ ಮಿಕ್ಸರ್ ಎಂಬ ಸಾಧನದಲ್ಲಿ ಮಾಡಬಹುದು. ಆದರೆ ಅದು ಫೋಟೊ ನೋಡಿ, ಯೋಚಿಸಿ ಮಾಡುವ ಆಯ್ಕೆಯಾಗಿರಬೇಕು. ಸರಾಸರಿ ಹಾಗಲ್ಲ, ಅದು ಫೋಟೊವನ್ನೂ ನೋಡುವುದಿಲ್ಲ, ಕಣ್ಣನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉಚಿತವಾಗಿ ಸಿಗುವ GIMP ಬಳಸುವವರು Colors ಪಟ್ಟಿಯ Desaturate ಒಳಗೆ ಹೋದರೆ ಹಲವು ಆಯ್ಕೆಗಳು ಕಾಣುತ್ತವೆ. ಅವುಗಳಲ್ಲಿ Luminance ಎಂಬುದು ಮಡಿಕೆ ಬಿಚ್ಚಿ ಮಾಡುವ ಸರಿಯಾದ ಲೆಕ್ಕ, Luma ಎಂಬುದು ಟಿವಿಯವರ ಅಂದಾಜಿನ ದಾರಿ, Average ಎಂಬುದು ಸರಾಸರಿ. ನೂರಾರು ಫೋಟೊಗಳನ್ನು ಒಟ್ಟಿಗೆ ಬದಲಿಸುವವರಿಗೆ ImageMagick ಅನುಕೂಲ. ಅದರಲ್ಲಿ ಒಂದು ಫೋಟೊಗೆ ಕೊಡಬೇಕಾದ ಆದೇಶ ಇಷ್ಟೇ:

```
magick hoovu.png -grayscale Rec709Luminance -colorspace sRGB hoovu-bw.png
```

ಸಂಚಿಕೆಗೆ, ಪತ್ರಿಕೆಗೆ ಫೋಟೊ ಸಿದ್ಧಮಾಡುವ ಗೆಳೆಯರು ಮೊದಲು Luminance ಹಾಕಿ ನೋಡಲಿ. ಮುಖ್ಯ ವಸ್ತು ಹಿನ್ನೆಲೆಯಲ್ಲಿ ಕರಗಿದರೆ ಮಾತ್ರ ಚಾನೆಲ್ ಮಿಕ್ಸರಿಗೆ ಕೈಹಾಕಲಿ. ಹೊಸ ಫೈಲಿಗೆ ಬೇರೆ ಹೆಸರು ಕೊಟ್ಟು, ಬಣ್ಣದ ಮೂಲ ಫೈಲನ್ನು ತಪ್ಪದೆ ಉಳಿಸಿಕೊಳ್ಳಲಿ. 100 ಎಂಬ ಬೂದು ಚುಕ್ಕಿ ಮೊದಲು ದಾಸವಾಳವಾಗಿತ್ತೋ ಸೀರೆಯಾಗಿತ್ತೋ ಎಂದು ಆಮೇಲೆ ಯಾವ ಲೆಕ್ಕದಿಂದಲೂ ತಿಳಿಯುವುದಿಲ್ಲ.